ಕಾಯುತ್ತಿರುವ ಗುಣಾಕಾರಗಳು: ಫ್ಯಾಕ್ಟೋರಿಯಲ್, ಕಾಲ್ ಸ್ಟ್ಯಾಕ್ ಮತ್ತು ಲೂಪ್

(ಬೆಂಗಳೂರಿನ ಬಸವನಗುಡಿಯಲ್ಲಿ ಪಿಯು ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಒಂದು ಭಾನುವಾರ ಬೆಳಿಗ್ಗೆ ನೀಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಪ್ರೋಗ್ರಾಮುಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವ ರಿಕರ್ಷನ್ನಿನ ಪಾಠ ಮಾಡಿದಾಗಲೆಲ್ಲ ತರಗತಿಯ ಯಾವುದಾದರೂ ಮೂಲೆಯಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ. ಕಳೆದ ವರ್ಷ ಡಿಪ್ಲೊಮಾ ಓದುವ ಹುಡುಗಿಯೊಬ್ಬಳು ಅದನ್ನು ನಾನು ಕೇಳಿದವುಗಳಲ್ಲೆಲ್ಲ ಅತ್ಯಂತ ಸ್ಪಷ್ಟವಾದ ಮಾತಿನಲ್ಲಿ ಕೇಳಿದಳು: "ಸಾರ್, n ಅನ್ನೋದು ಒಂದೇ ಅಲ್ವಾ? ಅದು ನಾಲ್ಕಾದ ಮೇಲೆ ಐದು ಎಲ್ಲಿಗೆ ಹೋಯ್ತು? ವಾಪಸ್ ಬರುವಾಗ ಗುಣಿಸೋಕೆ ಐದು ಮತ್ತೆ ಎಲ್ಲಿಂದ ಬಂತು?" ಇಂದು ನಾನು ಹೇಳಬೇಕೆಂದಿರುವುದೆಲ್ಲ ಈ ಪ್ರಶ್ನೆಯ ಉತ್ತರವೇ. ಐದು ಎಲ್ಲಿ ಉಳಿದಿತ್ತು ಎಂಬುದು ತಿಳಿದರೆ ಕಾಲ್ ಸ್ಟ್ಯಾಕ್ ತಿಳಿದಂತೆ. ಅದನ್ನು ಅಲ್ಲಿ ಉಳಿಸಿಕೊಳ್ಳುವುದು ನಿಜವಾಗಿಯೂ ಅಗತ್ಯವಿತ್ತೇ ಎಂದು ವಿಚಾರಿಸಿದರೆ ಲೂಪ್ ತಾನಾಗಿಯೇ ಹೊರಬರುತ್ತದೆ.

ಮೊದಲು ಫ್ಯಾಕ್ಟೋರಿಯಲ್ ಎಂದರೇನು ಎಂಬುದನ್ನು ನೋಡೋಣ. ಸಿಟಿ ಬಸ್ಸಿನ ಕೊನೆಯ ಸಾಲಿನಲ್ಲಿ ಐದು ಸೀಟುಗಳಿವೆ, ಐವರು ಗೆಳೆಯರು ಹತ್ತಿದ್ದಾರೆ ಎಂದುಕೊಳ್ಳಿ. ಅವರು ಎಷ್ಟು ಬಗೆಯಲ್ಲಿ ಕೂರಬಹುದು? ಎಡಗಡೆಯ ಕಿಟಕಿ ಸೀಟಿಗೆ ಐವರಲ್ಲಿ ಯಾರು ಬೇಕಾದರೂ ಕೂರಬಹುದು, ಆದ್ದರಿಂದ ಅಲ್ಲಿ ಐದು ಆಯ್ಕೆಗಳಿವೆ. ಒಬ್ಬರು ಕುಳಿತ ಮೇಲೆ ಉಳಿಯುವುದು ನಾಲ್ವರು ಮತ್ತು ನಾಲ್ಕು ಸೀಟುಗಳು, ಅಂದರೆ ಅದೇ ಪ್ರಶ್ನೆ ಸ್ವಲ್ಪ ಚಿಕ್ಕದಾಗಿ ಮತ್ತೆ ನಮ್ಮ ಮುಂದೆ ನಿಂತಿರುತ್ತದೆ. ಹೀಗೆ ಐವರ ಉತ್ತರವು ನಾಲ್ವರ ಉತ್ತರದ ಐದು ಪಟ್ಟು, ನಾಲ್ವರದು ಮೂವರ ಉತ್ತರದ ನಾಲ್ಕು ಪಟ್ಟು ಎಂದು ಇಳಿಯುತ್ತ ಹೋಗಿ, ಕೊನೆಗೆ ಯಾರೂ ಉಳಿಯದ, ಸೀಟೂ ಉಳಿಯದ ಸ್ಥಿತಿಗೆ ತಲುಪುತ್ತೇವೆ. ಆಗ ಮಾಡಬೇಕಾದದ್ದು ಏನೂ ಇಲ್ಲ, ಏನೂ ಮಾಡದಿರುವುದಕ್ಕೆ ಇರುವ ದಾರಿ ಒಂದೇ. ಹೀಗೆ ಸಿಗುವ ಬಗೆಗಳ ಎಣಿಕೆಯೇ ಫ್ಯಾಕ್ಟೋರಿಯಲ್, 5ರದನ್ನು 5! ಎಂದು ಬರೆಯುತ್ತಾರೆ. ಅದಕ್ಕಾಗಿಯೇ 0! ಎಂಬುದು 1. ಇದನ್ನು ಪುಸ್ತಕದಲ್ಲಿ ಬರೆದಿದೆಯೆಂದು ಒಪ್ಪಿಕೊಳ್ಳುವ ಬದಲು ಹೀಗೆ ಯೋಚಿಸಿ ಒಪ್ಪಿಕೊಳ್ಳುವುದು ಒಳ್ಳೆಯದು, ಏಕೆಂದರೆ ಪ್ರೋಗ್ರಾಮಿನಲ್ಲಿ ಇಡೀ ಇಳಿತ ನಿಲ್ಲುವುದು ಈ ಒಂದು ಸಾಲಿನ ಮೇಲೆ.

ಈ ವಿವರಣೆಯನ್ನು ಪೈಥಾನ್ ಭಾಷೆಯಲ್ಲಿ ಬರೆದರೆ ಬಹುತೇಕ ಹಾಗೆಯೇ ಕೂರುತ್ತದೆ:

```
def fact(n):
    if n == 0:
        return 1
    return n * fact(n - 1)
```

ಕೊನೆಯ ಸಾಲನ್ನು ನಿಧಾನವಾಗಿ ಓದಬೇಕು. `n * fact(n - 1)` ಎಂಬಲ್ಲಿ ಗುಣಾಕಾರದ ಗುರುತು ನಮ್ಮ ಕಣ್ಣಿಗೆ ಮೊದಲು ಬಿದ್ದರೂ ನಡೆಯುವುದು ಅದು ಕೊನೆಗೆ. ಗುಣಿಸಲು ಎರಡು ಸಂಖ್ಯೆಗಳು ಬೇಕು. ಎಡಗಡೆಯದು ಕೈಯಲ್ಲಿದೆ, ಬಲಗಡೆಯದು ಇನ್ನೂ ಬಂದಿಲ್ಲ. ಅದು ಬರುವವರೆಗೆ ಈ ಗುಣಾಕಾರ ಅರ್ಧಕ್ಕೆ ನಿಂತು ಕಾಯಬೇಕು.

ಸಭೆಯಲ್ಲಿ ಇದನ್ನು ಮಾತಿನಲ್ಲಿ ಹೇಳುವ ಬದಲು ಮಾಡಿ ತೋರಿಸಿದೆವು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಆರು ಮಂದಿಗೆ ಒಂದೊಂದು ಖಾಲಿ ಚೀಟಿ ಕೊಟ್ಟೆ. ಮೊದಲನೆಯವರನ್ನು 5ರ ಫ್ಯಾಕ್ಟೋರಿಯಲ್ ಎಷ್ಟು ಎಂದು ಕೇಳಿದೆ. ಅವರು ಚೀಟಿಯ ಮೇಲೆ "n = 5, ಉತ್ತರ ಬಂದ ಮೇಲೆ 5ರಿಂದ ಗುಣಿಸಿ ಸಾರ್‌ಗೆ ಹೇಳಬೇಕು" ಎಂದು ಬರೆದು ಮಡಿಲಲ್ಲಿಟ್ಟುಕೊಂಡು, ಪಕ್ಕದವರನ್ನು 4ರದು ಎಷ್ಟು ಎಂದು ಕೇಳಿದರು. ಪಕ್ಕದವರು "n = 4, ಉತ್ತರ ಬಂದ ಮೇಲೆ 4ರಿಂದ ಗುಣಿಸಿ ಎಡಗಡೆಯವರಿಗೆ ಹೇಳಬೇಕು" ಎಂದು ಬರೆದು ಮುಂದಿನವರನ್ನು ಕೇಳಿದರು. ಹೀಗೆ ಪ್ರಶ್ನೆ ಆರನೆಯ ವಿದ್ಯಾರ್ಥಿಯವರೆಗೆ ಸಾಗಿತು. ಅವನ ಚೀಟಿಯಲ್ಲಿ n = 0. ಅವನು ಯಾರನ್ನೂ ಕೇಳಬೇಕಾಗಿಲ್ಲದ್ದರಿಂದ ತಕ್ಷಣ "ಒಂದು" ಎಂದ. ಆ ಒಂದು ಹಿಂದಕ್ಕೆ ಬರತೊಡಗಿತು: 1ರವರು ಗುಣಿಸಿ 1 ಎಂದರು, 2ರವರು 2, 3ರವರು 6, 4ರವರು 24, 5ರವರು 120. ಉತ್ತರ ಹೇಳಿದವರೆಲ್ಲ ತಮ್ಮ ಚೀಟಿಯನ್ನು ಹರಿದುಹಾಕಿದರು.

ಇಲ್ಲಿ ಗಮನಿಸಬೇಕಾದ ಒಂದು ಕ್ಷಣವಿದೆ. ಆರನೆಯವನು ಬಾಯಿ ತೆರೆಯುವ ಮುಂಚೆ ಆರು ಚೀಟಿಗಳೂ ಒಟ್ಟಿಗೆ ಜೀವಂತವಾಗಿದ್ದವು, ಆದರೆ ಅಷ್ಟರವರೆಗೆ ಒಂದೇ ಒಂದು ಗುಣಾಕಾರವೂ ನಡೆದಿರಲಿಲ್ಲ. ಕಂಪ್ಯೂಟರಿನಲ್ಲಿ ಈ ಚೀಟಿಗೆ ಫ್ರೇಮ್ ಎನ್ನುತ್ತಾರೆ, ಚೀಟಿಗಳನ್ನು ಒಂದರ ಮೇಲೊಂದು ಪೇರಿಸಿಡುವ ಜಾಗಕ್ಕೆ ಕಾಲ್ ಸ್ಟ್ಯಾಕ್ ಎನ್ನುತ್ತಾರೆ. ಫಂಕ್ಷನ್ನನ್ನು ಕರೆದಾಗ ಒಂದು ಫ್ರೇಮ್ ಮೇಲೆ ಏರುತ್ತದೆ, ಅದು ಉತ್ತರ ಕೊಟ್ಟಾಗ ಇಳಿಯುತ್ತದೆ; ಕೊನೆಗೆ ಏರಿದ್ದು ಮೊದಲು ಇಳಿಯುತ್ತದೆ. ಪ್ರತಿ ಫ್ರೇಮಿನಲ್ಲಿ ಆ ಕರೆಗೆ ಸೇರಿದ n ಇರುತ್ತದೆ ಮತ್ತು ಉತ್ತರ ಸಿಕ್ಕ ಮೇಲೆ ಯಾವ ಜಾಗಕ್ಕೆ ಮರಳಿ ಕೆಲಸ ಮುಂದುವರಿಸಬೇಕು ಎಂಬ ಗುರುತು ಇರುತ್ತದೆ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಇದೇ: n ಎಂಬ ಹೆಸರು ಒಂದೇ, ಆದರೆ ಆರು ಚೀಟಿಗಳಲ್ಲಿ ಆರು n ಇವೆ. ಐದು ಎಲ್ಲಿಗೂ ಹೋಗಿರಲಿಲ್ಲ, ಅದು ಮೊದಲನೆಯ ಚೀಟಿಯಲ್ಲಿ ಕಾಯುತ್ತಿತ್ತು.

ಅವಳ ಅನುಮಾನ ಅಸಡ್ಡೆಯದಲ್ಲ ಎಂಬುದನ್ನೂ ಹೇಳಬೇಕು. ಹಳೆಯ ಫೋರ್ಟ್ರಾನ್ ಭಾಷೆಯ ಅನುವಾದಕಗಳು ಪ್ರತಿ ಸಬ್‌ರೂಟೀನಿನ ಅಸ್ಥಿರಗಳಿಗೆ ಪ್ರೋಗ್ರಾಮ್ ಆರಂಭವಾಗುವ ಮುಂಚೆಯೇ ಒಂದು ಖಾಯಂ ಜಾಗವನ್ನು ಗೊತ್ತುಮಾಡಿ ಬಿಡುತ್ತಿದ್ದವು. N ಎಂದರೆ ಒಂದೇ ಡಬ್ಬಿ. ಅಂಥ ವ್ಯವಸ್ಥೆಯಲ್ಲಿ ಫಂಕ್ಷನ್ ತನ್ನನ್ನೇ ಕರೆದುಕೊಂಡರೆ ಐದರ ಮೇಲೆ ನಾಲ್ಕು, ನಾಲ್ಕರ ಮೇಲೆ ಮೂರು ಎಂದು ಬರೆಯುತ್ತ ಹೋಗಿ ಡಬ್ಬಿಯಲ್ಲಿ ಕೊನೆಗೆ ಸೊನ್ನೆ ಉಳಿಯುತ್ತದೆ, ಮರಳುವಾಗ ಆ ಡಬ್ಬಿಯನ್ನು ನೋಡಿ ಗುಣಿಸಿದರೆ ಉತ್ತರವೂ ಸೊನ್ನೆಯೇ. ಫೋರ್ಟ್ರಾನ್ 77 ಮಾನದಂಡವು ರಿಕರ್ಷನ್ನಿಗೆ ಅವಕಾಶ ಕೊಟ್ಟಿರಲಿಲ್ಲ. ಅದು ಅಧಿಕೃತವಾಗಿ ಬಂದದ್ದು ಫೋರ್ಟ್ರಾನ್ 90ರಲ್ಲಿ. ಪ್ರತಿ ಕರೆಗೂ ಬೇರೆ ಚೀಟಿ ಎಂಬ ಏರ್ಪಾಡಿಲ್ಲದೆ ರಿಕರ್ಷನ್ ನಡೆಯುವುದಿಲ್ಲ.

ಇನ್ನು ಇದು ಎಲ್ಲಿ ಮುರಿಯುತ್ತದೆ ಎಂಬುದನ್ನು ನೋಡೋಣ. ಚೀಟಿಗಳಿಗೆ ಜಾಗ ಬೇಕು, ಜಾಗಕ್ಕೆ ಮಿತಿಯಿದೆ. ಪೈಥಾನ್ ತನ್ನ ಮಿತಿಯನ್ನು ಫ್ರೇಮುಗಳ ಲೆಕ್ಕದಲ್ಲಿ ಇಟ್ಟುಕೊಂಡಿದೆ, ನಾವು ಬದಲಿಸದಿದ್ದರೆ ಅದು ಸಾಮಾನ್ಯವಾಗಿ 1000. `fact(900)` ಸರಾಗವಾಗಿ ನಡೆಯುತ್ತದೆ. `fact(1500)` ಕೊಟ್ಟರೆ ಒಂದೇ ಸಾಲನ್ನು ಕೆಲವು ಬಾರಿ ತೋರಿಸಿ, ಉಳಿದವು ಇಷ್ಟು ಬಾರಿ ಮರುಕಳಿಸಿವೆ ಎಂದು ಹೇಳಿ, ಕೊನೆಗೆ ಹೀಗೆ ನಿಲ್ಲುತ್ತದೆ:

```
RecursionError: maximum recursion depth exceeded
```

ವಿದ್ಯಾರ್ಥಿಗಳು ಇದೇ ದೋಷವನ್ನು ಇನ್ನೊಂದು ಕಡೆಯೂ ನೋಡುತ್ತಾರೆ, ಅಲ್ಲಿ ಕಾರಣ ಪೂರ್ತಿ ಬೇರೆ. `fact(-1)` ಎಂದು ಬರೆದು ನೋಡಿ. -1ರಿಂದ ಒಂದು ಕಳೆದರೆ -2, ಆಮೇಲೆ -3. ಸೊನ್ನೆ ಹಿಂದೆಯೇ ಉಳಿದಿದೆ, ಇಳಿತಕ್ಕೆ ತಳವೇ ಇಲ್ಲ. ಇಳಿತವನ್ನು ನಿಲ್ಲಿಸುವ ಸಾಲನ್ನು, ಅಂದರೆ ಬೇಸ್ ಕೇಸನ್ನು, `n == 1` ಎಂದು ಬರೆದವರಿಗೆ `fact(0)` ಕೂಡ ಇದೇ ಗತಿ ಕಾಣಿಸುತ್ತದೆ. ಎರಡೂ ಸಂದರ್ಭಗಳಲ್ಲಿ ಪರದೆಯ ಮೇಲೆ ಬರುವ ಸಂದೇಶ ಒಂದೇ ಆಗಿರುವುದರಿಂದ, ಯಾವುದು ಯಾವುದೆಂದು ತಿಳಿಯಲು ನಾನು ಮಾಡುವ ಕೆಲಸ ಇಷ್ಟೇ: ಫಂಕ್ಷನ್ನಿನ ಮೊದಲ ಸಾಲಿನಲ್ಲಿ `print(n)` ಹಾಕಿ, ದೋಷಕ್ಕೆ ಮುಂಚೆ ಅಚ್ಚಾದ ಕೊನೆಯ ಸಂಖ್ಯೆಯನ್ನು ನೋಡುತ್ತೇನೆ. `fact(1500)`ರಲ್ಲಿ ಅದು 500ರ ಆಸುಪಾಸಿನಲ್ಲಿರುತ್ತದೆ, ಅಂದರೆ ಪ್ರೋಗ್ರಾಮ್ ಸರಿಯಾದ ದಾರಿಯಲ್ಲಿದ್ದು ಜಾಗ ಸಾಲದೆ ನಿಂತಿದೆ. `fact(-1)`ರಲ್ಲಿ ಅದು -1000ದ ಹತ್ತಿರವಿರುತ್ತದೆ, ಅಂದರೆ ತಳ ಎಂದೋ ತಪ್ಪಿಹೋಗಿದೆ. ಮೊದಲನೆಯದಕ್ಕೆ `sys.setrecursionlimit` ಬಳಸಿ ಮಿತಿಯನ್ನು ಏರಿಸಿದರೆ ಉತ್ತರ ಸಿಗುತ್ತದೆ. ಎರಡನೆಯದಕ್ಕೆ ಎಷ್ಟು ಏರಿಸಿದರೂ ಪ್ರಯೋಜನವಿಲ್ಲ. ಮಿತಿ ಏರಿಸುವುದನ್ನೇ ಚಿಕಿತ್ಸೆಯೆಂದು ರೂಢಿ ಮಾಡಿಕೊಂಡವರು ಈ ಎರಡನೆಯ ರೋಗವನ್ನು ಬಹಳ ಹೊತ್ತು ಗುರುತಿಸದೆ ಒದ್ದಾಡುವುದನ್ನು ನಾನು ಕಂಡಿದ್ದೇನೆ.

ಸಿ ಭಾಷೆ ಕಲಿಯುತ್ತಿರುವವರಿಗೆ ಒಂದು ಮಾತು. ಅಲ್ಲಿ ಫ್ಯಾಕ್ಟೋರಿಯಲ್ ಮೊದಲು ಕೆಡುವುದು ಸ್ಟ್ಯಾಕಿನಿಂದಲ್ಲ, ಸಂಖ್ಯೆಯ ಅಗಲದಿಂದ. 12! ಎಂದರೆ 479001600, ಅದು 32 ಬಿಟ್ಟಿನ `int`ನಲ್ಲಿ ಹಿಡಿಸುತ್ತದೆ. 13! ಎಂದರೆ 6227020800, ಅದು ಹಿಡಿಸುವುದಿಲ್ಲ. ಸಾಮಾನ್ಯವಾಗಿ ಪರದೆಯ ಮೇಲೆ 1932053504 ಎಂಬ, ನೋಡಲು ಯಾವ ಅನುಮಾನವನ್ನೂ ಹುಟ್ಟಿಸದ ಸಂಖ್ಯೆ ಬಂದು ಕೂರುತ್ತದೆ. 64 ಬಿಟ್ಟಿಗೆ ಹೋದರೂ 20! ವರೆಗೆ ಮಾತ್ರ. ಈ ತಪ್ಪು ಲೂಪಿನಲ್ಲಿ ಬರೆದರೂ ಹೋಗುವುದಿಲ್ಲ, ಆದ್ದರಿಂದ ಇದನ್ನು ರಿಕರ್ಷನ್ನಿನ ತಲೆಗೆ ಕಟ್ಟಬಾರದು. ಪೈಥಾನಿನ ಪೂರ್ಣಾಂಕಗಳು ಬೇಕಾದಷ್ಟು ಬೆಳೆಯಬಲ್ಲವಾದ್ದರಿಂದಲೇ ಅಲ್ಲಿ ಸ್ಟ್ಯಾಕಿನ ಮಿತಿ ನಮಗೆ ಮೊದಲು ಎದುರಾಗುತ್ತದೆ.

ಈಗ ಲೂಪಿಗೆ ಬರೋಣ. ಫ್ಯಾಕ್ಟೋರಿಯಲ್ಲಿಗೆ ಲೂಪ್ ಬರೆಯುವುದು ನಿಮ್ಮಲ್ಲಿ ಬಹಳಷ್ಟು ಮಂದಿಗೆ ಬಾಯಿಪಾಠವಾಗಿದೆ. ಆದರೆ ಬಾಯಿಪಾಠದ ಲೂಪನ್ನು ಪಕ್ಕದಲ್ಲಿ ಬರೆಯುವುದು ಬೇರೆ, ರಿಕರ್ಷನ್ನನ್ನೇ ಹೆಜ್ಜೆ ಹೆಜ್ಜೆಯಾಗಿ ಲೂಪಾಗಿ ಪರಿವರ್ತಿಸುವುದು ಬೇರೆ. ನನಗೆ ಎರಡನೆಯದು ಮುಖ್ಯ, ಏಕೆಂದರೆ ಬಾಯಿಪಾಠವಿಲ್ಲದ ಸಮಸ್ಯೆ ಎದುರಾದಾಗ ಕೈಹಿಡಿಯುವುದು ಅದೇ. ಮೊದಲ ಹೆಜ್ಜೆಯಲ್ಲಿ ಜಾಣತನವೇನೂ ಬೇಡ: ಯಂತ್ರ ನಮಗಾಗಿ ಪೇರಿಸುತ್ತಿದ್ದ ಚೀಟಿಗಳನ್ನು ನಾವೇ ಒಂದು ಪಟ್ಟಿಯಲ್ಲಿ ಪೇರಿಸೋಣ.

```
def fact(n):
    chits = []
    while n > 0:
        chits.append(n)
        n = n - 1
    result = 1
    while chits:
        result = result * chits.pop()
    return result
```

ಮೊದಲ `while` ಎಂದರೆ ಪ್ರಶ್ನೆ ಆ ಸಾಲಿನಲ್ಲಿ ಬಲಕ್ಕೆ ಸಾಗಿದ್ದು. ಅದು ಮುಗಿದಾಗ `chits` ಪಟ್ಟಿಯಲ್ಲಿ 5, 4, 3, 2, 1 ಇರುತ್ತವೆ. `result = 1` ಎಂದರೆ ಆರನೆಯ ಹುಡುಗ "ಒಂದು" ಎಂದದ್ದು. ಎರಡನೆಯ `while` ಎಂದರೆ ಉತ್ತರ ಎಡಕ್ಕೆ ಮರಳಿದ್ದು: `pop` ಕೊನೆಗೆ ಸೇರಿಸಿದ್ದನ್ನು ಮೊದಲು ತೆಗೆಯುವುದರಿಂದ 1, 2, 3, 4, 5 ಎಂಬ ಕ್ರಮದಲ್ಲಿ ಚೀಟಿಗಳು ಹೊರಬರುತ್ತವೆ, `result` 1, 2, 6, 24, 120 ಎಂದು ಏರುತ್ತದೆ. ಸಭೆಯಲ್ಲಿ ಕೇಳಿಬಂದ ಸಂಖ್ಯೆಗಳೇ, ಅದೇ ಕ್ರಮದಲ್ಲಿ. ಮರಳುವ ಜಾಗದ ಗುರುತನ್ನು ಚೀಟಿಯಲ್ಲಿ ಬರೆಯಬೇಕಾಗಿ ಬಂದಿಲ್ಲ, ಏಕೆಂದರೆ ಎಲ್ಲ ಚೀಟಿಗಳೂ ಮರಳಿ ಮಾಡಬೇಕಾದ ಕೆಲಸ ಒಂದೇ, ಗುಣಿಸುವುದು. ಈ ಪಟ್ಟಿ ಇರುವುದು ಕಾಲ್ ಸ್ಟ್ಯಾಕಿನಲ್ಲಲ್ಲ, ಸಾಮಾನ್ಯ ಮೆಮೊರಿಯಲ್ಲಿ. ಹೀಗಾಗಿ `fact(1500)` ಈಗ ಯಾವ ದೂರೂ ಇಲ್ಲದೆ ನಡೆಯುತ್ತದೆ. ಆಳದ ತೊಂದರೆ ಇಷ್ಟಕ್ಕೇ ಪರಿಹಾರವಾಯಿತು.

ಎರಡನೆಯ ಹೆಜ್ಜೆಯೇ ನನ್ನ ದೃಷ್ಟಿಯಲ್ಲಿ ಈ ವಿಷಯದ ತಿರುಳು. ಪಟ್ಟಿಯಿಂದ ಹೊರಬರುವ ಸಂಖ್ಯೆಗಳನ್ನು ಮತ್ತೊಮ್ಮೆ ನೋಡಿ: 1, 2, 3, 4, 5. ಮುಂದೆ ಯಾವ ಚೀಟಿ ಬರುತ್ತದೆಂದು ತಿಳಿಯಲು ಪಟ್ಟಿಯನ್ನು ತೆರೆದು ನೋಡಬೇಕೇ? ಬೇಕಿಲ್ಲ. ಹಿಂದಿನದಕ್ಕೆ ಒಂದು ಕೂಡಿಸಿದರೆ ಸಾಕು. ಎಣಿಕೆಯಿಂದಲೇ ಮರಳಿ ಪಡೆಯಬಹುದಾದದ್ದನ್ನು ಜೋಪಾನವಾಗಿ ಪೇರಿಸಿಡುವ ಅಗತ್ಯವಿಲ್ಲ. ಆದ್ದರಿಂದ ಪಟ್ಟಿಯನ್ನೂ, ಅದನ್ನು ತುಂಬುತ್ತಿದ್ದ ಮೊದಲ `while` ಅನ್ನೂ ತೆಗೆದುಹಾಕಿ, ಆ ಜಾಗದಲ್ಲಿ ಒಂದು ಎಣಿಕೆಯನ್ನು ಇಡುತ್ತೇವೆ:

```
def fact(n):
    result = 1
    for k in range(1, n + 1):
        result = result * k
    return result
```

ಇದೇ ಬಾಯಿಪಾಠದ ಲೂಪ್, ಆದರೆ ಅದು ಎಲ್ಲಿಂದ ಬಂತೆಂದು ಈಗ ತಿಳಿದಿದೆ. ರಿಕರ್ಷನ್ನಿನಲ್ಲಿ ಇಳಿಯುವ ಅರ್ಧ, ಏರುವ ಅರ್ಧ ಎಂದು ಎರಡು ಭಾಗಗಳಿದ್ದವು. ಈ ಲೂಪ್ ಎಂಬುದು ಏರುವ ಅರ್ಧ ಮಾತ್ರ. ಇಳಿಯುವ ಅರ್ಧ ಚೀಟಿ ಬರೆಯುವುದಕ್ಕಷ್ಟೇ ಇತ್ತು, ಚೀಟಿಯೇ ಬೇಡವಾದ ಮೇಲೆ ಅದೂ ಬೇಡವಾಯಿತು. `range`ನಲ್ಲಿ `n + 1` ಏಕೆ ಎಂಬುದೂ ಇದರಿಂದಲೇ ಸ್ಪಷ್ಟವಾಗುತ್ತದೆ: `range(1, n)` ಎಂದು ಬರೆದರೆ ಎಣಿಕೆ n ತಲುಪುವ ಮುಂಚೆಯೇ ನಿಲ್ಲುತ್ತದೆ, ಮೊದಲನೆಯ ವಿದ್ಯಾರ್ಥಿಯ ಚೀಟಿ ಬಿಟ್ಟುಹೋಗಿ `fact(5)`ಕ್ಕೆ 24 ಸಿಗುತ್ತದೆ. ನಾಲ್ಕರ ಉತ್ತರ ಐದಕ್ಕೆ ಬಂದರೆ ಈ ಸಾಲನ್ನೇ ಮೊದಲು ನೋಡಬೇಕು.

ಪರಿವರ್ತನೆಯಲ್ಲಿ ಒಂದು ಗುಣ ಸದ್ದಿಲ್ಲದೆ ಬದಲಾಗಿದೆ ಎಂಬುದನ್ನು ನಾನು ಒತ್ತಿ ಹೇಳಬೇಕು. ರಿಕರ್ಷನ್ನಿನ ರೂಪಕ್ಕೆ -3 ಕೊಟ್ಟರೆ ಅದು ತಳ ಸಿಗದೆ ದೋಷ ತೋರಿಸಿ ನಿಲ್ಲುತ್ತಿತ್ತು. ಲೂಪಿನ ರೂಪಕ್ಕೆ -3 ಕೊಟ್ಟರೆ `range(1, -2)` ಖಾಲಿಯಾಗಿರುವುದರಿಂದ ಲೂಪ್ ಒಮ್ಮೆಯೂ ತಿರುಗದೆ 1 ಎಂಬ ಉತ್ತರ ಬಂದುಬಿಡುತ್ತದೆ. ಸೊನ್ನೆಗೂ ಉತ್ತರ 1 ಆಗಿರುವುದರಿಂದ ಈ ಸುಳ್ಳು ಉತ್ತರ ಯಾರ ಕಣ್ಣಿಗೂ ಬೀಳುವುದಿಲ್ಲ. ಪೈಥಾನಿನ ಸ್ವಂತ `math.factorial` ಋಣಸಂಖ್ಯೆಗೆ `ValueError` ಕೊಡುತ್ತದೆ. ನಾವೂ ಫಂಕ್ಷನ್ನಿನ ಆರಂಭದಲ್ಲಿಯೇ `if n < 0: raise ValueError` ಎಂದು ಬರೆಯಬೇಕು. ರಿಕರ್ಷನ್ನನ್ನು ಲೂಪಾಗಿಸಿದ ಮೇಲೆ 5, 10ರಂತಹ ಸುಲಭದ ಸಂಖ್ಯೆಗಳನ್ನಷ್ಟೇ ಪರೀಕ್ಷಿಸಿ ತೃಪ್ತರಾಗದೆ 0 ಮತ್ತು -1ನ್ನು ಕೊಟ್ಟು ಎರಡೂ ರೂಪಗಳನ್ನು ಹೋಲಿಸಿ ನೋಡಬೇಕು ಎಂದು ನಾನು ನನ್ನ ವಿದ್ಯಾರ್ಥಿಗಳಿಗೆ ಪ್ರತಿ ಬಾರಿಯೂ ಹೇಳುತ್ತೇನೆ.

ಸಭೆಯಲ್ಲಿ ಒಬ್ಬರು ಇನ್ನೊಂದು ದಾರಿಯನ್ನು ಕೇಳಿದರು. ಗುಣಾಕಾರವನ್ನು ಮರಳುವಾಗ ಮಾಡುವ ಬದಲು ಇಳಿಯುವಾಗಲೇ ಮಾಡಿ, ಆವರೆಗಿನ ಗುಣಲಬ್ಧವನ್ನು ಮುಂದಿನವರ ಕೈಗೆ ಕೊಟ್ಟುಬಿಟ್ಟರೆ ಕಾಯುವ ಕೆಲಸವೇ ಇರುವುದಿಲ್ಲವಲ್ಲ ಎಂಬುದು ಅವರ ಮಾತು:

```
def fact(n, acc=1):
    if n == 0:
        return acc
    return fact(n - 1, acc * n)
```

ಅದು ಸರಿಯಾದ ಯೋಚನೆ. ಇಲ್ಲಿ `acc` 5, 20, 60, 120, 120 ಎಂದು ಸಾಗುತ್ತದೆ, ಆರನೆಯವನ ಬಳಿಗೆ ಪ್ರಶ್ನೆ ತಲುಪುವಷ್ಟರಲ್ಲಿ ಉತ್ತರವೂ ತಲುಪಿರುತ್ತದೆ. ಹಿಂದಿನವರಿಗೆ ಮಾಡಲು ಏನೂ ಉಳಿದಿಲ್ಲ, ಅವರ ಚೀಟಿಗಳನ್ನು ಆಗಲೇ ಹರಿದುಹಾಕಬಹುದಿತ್ತು. ಆದರೆ ಹರಿಯಬಹುದು ಎಂಬುದು ಒಂದು, ಯಂತ್ರ ಹರಿಯುತ್ತದೆ ಎಂಬುದು ಇನ್ನೊಂದು. ಪೈಥಾನ್ ಹರಿಯುವುದಿಲ್ಲ. ಈ ರೂಪದಲ್ಲಿಯೂ `fact(1500)` ಅದೇ `RecursionError` ಕೊಡುತ್ತದೆ. ಸಿ ಭಾಷೆಯಲ್ಲಿ `gcc -O2` ಎಂದು ಅನುವಾದಿಸಿದರೆ ಇಂಥ ಕರೆಯನ್ನು ಅದು ತಾನೇ ಲೂಪಾಗಿಸುತ್ತದೆ. ಮೊದಲು ಬರೆದ `n * fact(n - 1)` ರೂಪವನ್ನೂ `acc`ನಂತಹ ಒಂದು ಸಂಚಯಕ ಸೇರಿಸಿ ಲೂಪಾಗಿಸುವಷ್ಟು ಅದು ಬಲ್ಲದು. ಪೈಥಾನಿನಲ್ಲಿ ಬರೆಯುವವರು ಆ ಕೊನೆಯ ಹೆಜ್ಜೆಯನ್ನು ಕೈಯಿಂದಲೇ ಇಡಬೇಕು: ತನ್ನನ್ನು ಕರೆಯುವ ಸಾಲನ್ನು ತೆಗೆದು, `acc` ಮತ್ತು n ಎರಡಕ್ಕೂ ಹೊಸ ಬೆಲೆ ಕೊಟ್ಟು, `while n > 0` ಒಳಗೆ ಇಟ್ಟರಾಯಿತು. ಹೊಸ ಬೆಲೆ ಕೊಡುವ ಕ್ರಮದಲ್ಲಿ ಎಚ್ಚರವಿರಲಿ. `n = n - 1` ಮೊದಲು ಬರೆದು `acc = acc * n` ಆಮೇಲೆ ಬರೆದರೆ 5 ಬಿಟ್ಟುಹೋಗಿ, ಕೊನೆಗೆ ಸೊನ್ನೆಯಿಂದ ಗುಣಿಸಿ, ಉತ್ತರ ಸೊನ್ನೆಯಾಗುತ್ತದೆ.

ಕೊನೆಯಲ್ಲಿ ಆ ಮೊದಲ ಪ್ರಶ್ನೆ ಕೇಳಿದ ಹುಡುಗಿಯೇ ಎದ್ದು ನಿಂತಳು. "ಸಾರ್, ಹಾಗಾದ್ರೆ ಯಾವ ರಿಕರ್ಷನ್ನಿಗೂ ಪಟ್ಟಿ ಬೇಡವೇ ಬೇಡ ಅಂತಾನಾ?" ಎಂದು ಕೇಳಿದಳು. ಹಾಗಲ್ಲ. ಕಂಪ್ಯೂಟರಿನಲ್ಲಿ "ಫೋಟೋ" ಎಂಬ ಫೋಲ್ಡರ್ ಇದೆ, ಅದರೊಳಗೆ "ಮದುವೆ", "ಪ್ರವಾಸ", "ಶಾಲೆ" ಎಂಬ ಮೂರಿವೆ, ಅವುಗಳೊಳಗೆ ಇನ್ನೂ ಕೆಲವಿವೆ ಎಂದುಕೊಳ್ಳೋಣ. ಎಲ್ಲ ಫೈಲುಗಳನ್ನೂ ಎಣಿಸಬೇಕು. "ಮದುವೆ"ಯ ಒಳಗೆ ಇಳಿದಾಗ "ಫೋಟೋ"ದ ಚೀಟಿಯಲ್ಲಿ ಕಾಯುತ್ತಿರುವುದು "ಪ್ರವಾಸ" ಮತ್ತು "ಶಾಲೆ" ಇನ್ನೂ ಬಾಕಿ ಎಂಬ ಮಾಹಿತಿ. ಆ ಹೆಸರುಗಳನ್ನು ಯಾವ ಸಂಖ್ಯೆಗೆ ಒಂದು ಕೂಡಿಸಿದರೂ ಮರಳಿ ಪಡೆಯಲಾಗದು. ಹಾಗಾಗಿ ಅಲ್ಲಿ ಮೊದಲ ಹೆಜ್ಜೆ ಸಾಧ್ಯ, ಎರಡನೆಯದು ಸಾಧ್ಯವಿಲ್ಲ: ಲೂಪ್ ಬರೆಯಬಹುದು, ಆದರೆ ಬಾಕಿ ಫೋಲ್ಡರುಗಳ ಪಟ್ಟಿಯನ್ನು ಆ ಲೂಪ್ ಜೊತೆಯಲ್ಲೇ ಇಟ್ಟುಕೊಂಡು ತಿರುಗಬೇಕು. ಅವಳು ತನ್ನ ಪುಸ್ತಕದಲ್ಲಿ "ಫೋಟೋ" ಎಂದು ಬರೆದು, ಕೆಳಗೆ ಮೂರು ಗೆರೆ ಎಳೆದು, "ಮದುವೆ"ಯ ಕೆಳಗೆ ಇನ್ನೆರಡು ಎಳೆದು, ಒಂದೊಂದಾಗಿ ಚೀಟಿ ಪೇರಿಸಿ ಎಣಿಸಲು ಶುರುಮಾಡಿದಳು.